ಒಬ್ಬರೇ ರೋಗಿ, ಮೂರು ಚುಚ್ಚು: ಸ್ಯಾಂಪಲ್ ಯಾಕೆ ವಾಪಸ್ ಬಂತು, ಸರಿಯಾಗಿ ತೆಗೆಯೋದು ಹೇಗೆ

ಎಲ್ಲಾ ವಾರ್ಡಿನ ಸಿಸ್ಟರ್‌ಗಳಿಗೆ, ಬ್ರದರ್‌ಗಳಿಗೆ, ರಾತ್ರಿ ಪಾಳಿಯಲ್ಲಿ ರಕ್ತ ತೆಗೆಯುವ ಇಂಟರ್ನ್‌ಗಳಿಗೆ.

ನಮ್ಮ ಲ್ಯಾಬಿನಿಂದ ನಿಮಗೆ ಬರುವ ಚೀಟಿಯಲ್ಲಿ ಒಂದೇ ಸಾಲು ಇರುತ್ತದೆ: "ಸ್ಯಾಂಪಲ್ ರಿಜೆಕ್ಟ್ ಆಗಿದೆ, ಮತ್ತೆ ಕಳಿಸಿ." ಯಾಕೆ ಅಂತ ಅದರಲ್ಲಿ ಇರಲ್ಲ. ಫೋನ್ ಮಾಡಿ ಕೇಳಿದರೆ ಆ ಹೊತ್ತಿಗೆ ನಮ್ಮವರು ಯಾರೋ "ಹಿಮೋಲೈಸ್ ಆಗಿದೆ ಸಿಸ್ಟರ್" ಅಂದು ಇಟ್ಟುಬಿಡುತ್ತಾರೆ. ನೀವು ಬೈದುಕೊಂಡು ಮತ್ತೆ ಹೋಗಿ ಚುಚ್ಚುತ್ತೀರಿ, ಮೊದಲ ಸಲ ಹೇಗೆ ತೆಗೆದಿದ್ರೋ ಹಾಗೇ ತೆಗೆಯುತ್ತೀರಿ, ಅದೂ ವಾಪಸ್ ಬರುತ್ತದೆ. ಇದರಲ್ಲಿ ತಪ್ಪು ನಮ್ಮದೂ ಇದೆ. ಕಾರಣ ಹೇಳದೆ "ಮತ್ತೆ ಕಳಿಸಿ" ಅಂದರೆ ಯಾರಿಗೆ ಏನು ಗೊತ್ತಾಗಬೇಕು?

ಅದಕ್ಕೇ ಒಂದೇ ರೋಗಿಯ ಕಥೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅವರ ಕೈಯಿಂದ ಒಂದೇ ಬೆಳಿಗ್ಗೆ ಮೂರು ಸಲ ರಕ್ತ ತೆಗೆಯಬೇಕಾಯಿತು. ಮೊದಲನೆಯದು ಒಂದು ಕಾರಣಕ್ಕೆ ಹೋಯಿತು, ಎರಡನೆಯದು ಬೇರೆಯದೇ ಕಾರಣಕ್ಕೆ ಹೋಯಿತು, ಮೂರನೆಯದು ಸರಿಯಾಗಿತ್ತು.

ಮೊದಲ ಟ್ಯೂಬ್: ನೋಡೋಕೆ ಚೆನ್ನಾಗಿತ್ತು, ಒಳಗೆ ಎಲ್ಲಾ ತಪ್ಪು

ಬೆಳಿಗ್ಗೆ 6:40ಕ್ಕೆ ತೆಗೆದ ಹಳದಿ ಮುಚ್ಚಳದ ಟ್ಯೂಬ್. ತಿರುಗಿಸಿದ ಮೇಲೆ ಸೀರಂ ತಿಳಿಯಾಗಿತ್ತು, ಒಂಚೂರೂ ಕೆಂಪಿಲ್ಲ. ಮಷಿನ್‌ಗೆ ಹಾಕಿದರೆ ಪೊಟ್ಯಾಸಿಯಂ 6.9 ಬಂತು. ಮಾಮೂಲಿಯಾಗಿ ಇದು 3.5ರಿಂದ 5ರ ಒಳಗೆ ಇರಬೇಕು. 6.9 ಅಂದರೆ ಹೃದಯದ ಬಡಿತ ಯಾವಾಗ ಬೇಕಾದರೂ ಹಳಿ ತಪ್ಪಬಹುದು ಅಂತ ಡಾಕ್ಟ್ರು ಓಡಿ ಬರುವ ಅಂಕಿ. ಹಿಂದಿನ ದಿನ ಇದೇ ರೋಗಿಗೆ 4.2 ಇತ್ತು.

ಇಷ್ಟೇ ಆಗಿದ್ದರೆ ನಾವೂ ಗಾಬರಿಯಾಗಿ ಫೋನ್ ಮಾಡುತ್ತಿದ್ದೆವು. ಆದರೆ ಅದೇ ಟ್ಯೂಬಿನ ಕ್ಯಾಲ್ಸಿಯಂ 3.9 ಅಂತ ತೋರಿಸುತ್ತಿತ್ತು. 8.5ಕ್ಕಿಂತ ಮೇಲೆ ಇರಬೇಕಾದದ್ದು. ಆಲ್ಕಲೈನ್ ಫಾಸ್ಫಟೇಸ್ ನಿನ್ನೆ 85, ಇವತ್ತು 18. ಕ್ಯಾಲ್ಸಿಯಂ ನಿಜವಾಗಿಯೂ ಅಷ್ಟು ಇಳಿದಿದ್ದರೆ ರೋಗಿಯ ಕೈಕಾಲು ಸೆಟೆದುಕೊಂಡು, ಫಿಟ್ಸ್ ಬರುವ ಮಟ್ಟಕ್ಕೆ ಹೋಗಿರಬೇಕು. ಫೋನ್ ಮಾಡಿದೆ.

"ಸಿಸ್ಟರ್, ಆ ಬೆಡ್ಡಿನವರು ಹೇಗಿದ್ದಾರೆ?"

"ಆರಾಮಾಗಿದ್ದಾರೆ ಸರ್, ಕೂತ್ಕೊಂಡು ಪೇಪರ್ ಓದ್ತಾ ಇದ್ದಾರೆ. ಯಾಕೆ?"

"ಹಳದಿ ಟ್ಯೂಬಿಗೆ ರಕ್ತ ಕಮ್ಮಿ ಬಿದ್ದಿತ್ತಾ?"

ಆ ಕಡೆ ಒಂದು ಗಳಿಗೆ ಮೌನ. ಆಮೇಲೆ, "ಸ್ವಲ್ಪ ಕಮ್ಮಿ ಇತ್ತು ಸರ್. ನೇರಳೆ ಟ್ಯೂಬಲ್ಲಿ ಜಾಸ್ತಿ ಇತ್ತಲ್ಲ, ಅದರಿಂದ ಒಂದರ್ಧ ಎಂಎಲ್ ಹಾಕಿ ಸರಿ ಮಾಡಿದೆ."

ಆ ಸಿಸ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಎರಡರಲ್ಲೂ ಇರೋದು ಅದೇ ರೋಗಿಯ ರಕ್ತ, ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಿದರೆ ಏನಾಗುತ್ತೆ ಅಂತ ಯಾರಿಗಾದರೂ ಅನಿಸುತ್ತದೆ. ಆಗುವುದು ಇಷ್ಟು. ನೇರಳೆ ಟ್ಯೂಬಿನ ಒಳಗೋಡೆಗೆ ಇಡಿಟಿಎ ಅನ್ನುವ ಔಷಧಿ ಬಳಿದಿರುತ್ತಾರೆ. ರಕ್ತ ಹೆಪ್ಪುಗಟ್ಟೋಕೆ ಕ್ಯಾಲ್ಸಿಯಂ ಬೇಕೇ ಬೇಕು, ಇಡಿಟಿಎ ಆ ಕ್ಯಾಲ್ಸಿಯಂ ಅನ್ನು ಹಿಡಿದು ಕಟ್ಟಿಹಾಕುತ್ತದೆ. ಅದಕ್ಕೇ ನೇರಳೆ ಟ್ಯೂಬಿನ ರಕ್ತ ನೀರಾಗಿಯೇ ಉಳಿಯೋದು. ಆದರೆ ಈ ಇಡಿಟಿಎ ಬರೀ ಇಡಿಟಿಎ ಅಲ್ಲ, ಅದು ಪೊಟ್ಯಾಸಿಯಂ ಜೊತೆ ಸೇರಿದ ಉಪ್ಪು. ಅಂದರೆ ನೇರಳೆ ಟ್ಯೂಬಿನ ರಕ್ತ ಒಂದರ್ಧ ಎಂಎಲ್ ಹಳದಿಗೆ ಬಿದ್ದರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ: ಹೊರಗಿನಿಂದ ಪೊಟ್ಯಾಸಿಯಂ ಬಂದು ಸೇರುತ್ತದೆ, ಇದ್ದ ಕ್ಯಾಲ್ಸಿಯಂ ಮಾಯವಾಗುತ್ತದೆ. ಆಲ್ಕಲೈನ್ ಫಾಸ್ಫಟೇಸ್ ಕೆಲಸ ಮಾಡೋಕೆ ಸತು ಮತ್ತು ಮೆಗ್ನೀಸಿಯಂ ಬೇಕು, ಇಡಿಟಿಎ ಅವನ್ನೂ ಬಿಡುವುದಿಲ್ಲ, ಹಾಗಾಗಿ ಅದೂ ಬಿದ್ದುಹೋಗುತ್ತದೆ. ಪೊಟ್ಯಾಸಿಯಂ ಮೇಲೆ, ಕ್ಯಾಲ್ಸಿಯಂ ಮತ್ತು ಆಲ್ಕಲೈನ್ ಫಾಸ್ಫಟೇಸ್ ಕೆಳಗೆ. ಈ ಮೂರೂ ಒಟ್ಟಿಗೆ ಕಂಡರೆ ನೇರಳೆ ಟ್ಯೂಬ್ ಎಲ್ಲೋ ಮುಟ್ಟಿದೆ ಅಂತ ನಮಗೆ ಗೊತ್ತಾಗಿಬಿಡುತ್ತದೆ.

ನಿಜವಾದ ಭಯ ಗೊತ್ತಾಗದೇ ಹೋಗುವುದರಲ್ಲಿದೆ. ಅರ್ಧ ಎಂಎಲ್ ಬಿದ್ದರೆ ಕ್ಯಾಲ್ಸಿಯಂ ನಮಗೆ ಕೂಗಿ ಹೇಳುತ್ತದೆ. ಒಂದೆರಡು ಹನಿ ಮಾತ್ರ ಸೇರಿದ್ದರೆ ಕ್ಯಾಲ್ಸಿಯಂ ಅಂಥಾ ವ್ಯತ್ಯಾಸ ತೋರಿಸಲ್ಲ, ಪೊಟ್ಯಾಸಿಯಂ ಮಾತ್ರ 4.2 ಇದ್ದದ್ದು 5.3 ಆಗಿ ಕೂತಿರುತ್ತದೆ. ಡಾಕ್ಟ್ರು ಅದನ್ನು ನಂಬಿ ಪೊಟ್ಯಾಸಿಯಂ ಇಳಿಸೋಕೆ ಔಷಧಿ ಶುರು ಮಾಡಿದರೆ, ಸರಿಯಾಗಿದ್ದ ಪೊಟ್ಯಾಸಿಯಂ ನಿಜಕ್ಕೂ ಕೆಳಗೆ ಹೋಗುತ್ತದೆ. ಅದೂ ಹೃದಯಕ್ಕೆ ಅಪಾಯವೇ.

ಹನಿ ಹೇಗೆ ಸೇರುತ್ತೆ, ನಾವು ಸುರಿಯೋದೇ ಇಲ್ಲವಲ್ಲ ಅಂತ ನೀವು ಕೇಳಬಹುದು. ಸಿರಿಂಜಿನಲ್ಲಿ ತೆಗೆದು ಮೊದಲು ನೇರಳೆಗೆ ಬಿಡುತ್ತೀರಿ, ಸಿರಿಂಜಿನ ತುದಿ ಟ್ಯೂಬಿನ ಒಳಗೋಡೆಗೋ ಅಲ್ಲಿದ್ದ ರಕ್ತಕ್ಕೋ ತಾಗುತ್ತದೆ, ಅದೇ ತುದಿ ಆಮೇಲೆ ಹಳದಿಯ ಒಳಗೆ ಹೋಗುತ್ತದೆ. ಅಷ್ಟು ಸಾಕು. ಮುಚ್ಚಳ ಅದಲುಬದಲಾದರೂ ಇದೇ ಕಥೆ. ಎರಡು ಟ್ಯೂಬನ್ನೂ ಒಟ್ಟಿಗೆ ತೆರೆದಿಟ್ಟು, ಗಡಿಬಿಡಿಯಲ್ಲಿ ನೇರಳೆ ಮುಚ್ಚಳ ಹಳದಿಗೆ ಒತ್ತಿ, ಅಯ್ಯೋ ಅಂತ ಬದಲಾಯಿಸಿದರೂ ಮುಚ್ಚಳದ ಒಳಗಿದ್ದ ಹನಿ ಹೋಗಿ ಆಗಿರುತ್ತದೆ.

ಆದ್ದರಿಂದ ಯಾವ ಟ್ಯೂಬ್ ಮೊದಲು ಅನ್ನುವ ಸಾಲು ಸುಮ್ನೆ ಗೋಡೆಗೆ ಅಂಟಿಸಿದ ಅಲಂಕಾರ ಅಲ್ಲ. ಬ್ಲಡ್ ಕಲ್ಚರ್ ಇದ್ದರೆ ಅದು ಎಲ್ಲಕ್ಕಿಂತ ಮೊದಲು. ಆಮೇಲೆ ನೀಲಿ. ಆಮೇಲೆ ಕೆಂಪು ಅಥವಾ ಹಳದಿ. ಆಮೇಲೆ ಹಸಿರು. ಆಮೇಲೆ ನೇರಳೆ. ಕೊನೆಗೆ ಸಕ್ಕರೆ ಪರೀಕ್ಷೆಯ ಬೂದು. ನೆನಪಿಟ್ಟುಕೊಳ್ಳೋದು ಕಷ್ಟ ಅನಿಸಿದರೆ ಒಂದನ್ನೇ ಹಿಡಿಯಿರಿ: ಹಳದಿ ತುಂಬಿದ ಮೇಲೆಯೇ ನೇರಳೆ. ಬೂದು ಟ್ಯೂಬಿನಲ್ಲೂ ಹೆಚ್ಚಾಗಿ ಪೊಟ್ಯಾಸಿಯಂ ಆಕ್ಸಲೇಟ್ ಅಥವಾ ಇಡಿಟಿಎ ಇರುತ್ತದೆ, ಹಾಗಾಗಿ ಅದಕ್ಕೂ ಇದೇ ಮಾತು. ರಕ್ತ ಕಮ್ಮಿ ಬಿದ್ದರೆ ಕಮ್ಮಿ ಬಿದ್ದ ಹಾಗೇ ಕಳಿಸಿ, ಫಾರಂ ಮೇಲೆ "ರಕ್ತ ಕಡಿಮೆ, ಮೊದಲು ಪೊಟ್ಯಾಸಿಯಂ ನೋಡಿ" ಅಂತ ಬರೆಯಿರಿ. ಒಂದೂವರೆ ಎಂಎಲ್ ಹಳದಿ ಟ್ಯೂಬಲ್ಲಿ ನಾವು ಬಹಳಷ್ಟು ಪರೀಕ್ಷೆ ಮಾಡಬಲ್ಲೆವು. ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ಮಾತ್ರ ಯಾವತ್ತೂ ಸುರಿಯಬೇಡಿ.

ಎರಡನೇ ಟ್ಯೂಬ್: ಈ ಸಲ ಕೆಂಪು

ಸಿಸ್ಟರ್‌ಗೆ ವಿಷಯ ಹೇಳಿದೆ, ಹೊಸ ಹಳದಿ ಟ್ಯೂಬ್ ಕಳಿಸಿ ಅಂದೆ. ಎಂಟು ಗಂಟೆಗೆ ಬಂತು. ಈ ಸಲ ತಿರುಗಿಸಿ ತೆಗೆದರೆ ಸೀರಂ ತಿಳಿ ಹಳದಿ ಇರಬೇಕಾದ ಜಾಗದಲ್ಲಿ ದಾಳಿಂಬೆ ರಸದ ಬಣ್ಣ. ಕ್ಯಾಲ್ಸಿಯಂ ಸರಿಯಾಗಿಯೇ ಇತ್ತು, 9.0. ಪೊಟ್ಯಾಸಿಯಂ 6.1.

ಇದೇ ಹಿಮೋಲೈಸಿಸ್. ರಕ್ತದ ಕೆಂಪುಕಣಗಳು ಒಡೆದು ಒಳಗಿದ್ದದ್ದೆಲ್ಲ ಹೊರಗೆ ಚೆಲ್ಲಿದೆ. ಕೆಂಪುಕಣದ ಒಳಗೆ ಪೊಟ್ಯಾಸಿಯಂ ಎಷ್ಟಿರುತ್ತೆ ಅಂದರೆ, ಹೊರಗಿರೋದಕ್ಕಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ. ಹಾಗಾಗಿ ಎಲ್ಲಾ ಕಣ ಒಡೆಯಬೇಕಾಗಿಲ್ಲ, ಒಂದಷ್ಟು ಒಡೆದರೂ ಅಂಕಿ ಎದ್ದು ನಿಲ್ಲುತ್ತದೆ. ಎಲ್‌ಡಿಎಚ್, ಎಎಸ್‌ಟಿ ಕೂಡ ಹೀಗೇ ಸುಳ್ಳಾಗಿ ಏರುತ್ತವೆ.

"ಎಷ್ಟು ಒಡೆದಿದೆ ಅಂತ ನೋಡಿ ಅಷ್ಟು ಕಳೆದು ರಿಪೋರ್ಟ್ ಕೊಡಿ" ಅಂತ ಎಷ್ಟೋ ಸಲ ಕೇಳುತ್ತಾರೆ. ಆಗಲ್ಲ. ಅಂದಾಜಿಗೆ ಕಳೆದು 4.5 ಅಂತ ಕೊಟ್ಟೆವು ಅಂದುಕೊಳ್ಳಿ, ನಿಜವಾಗಿ ರೋಗಿಗೆ 2.9 ಇದ್ದಿರಬಹುದು. ಒಡೆದ ಕಣದ ಪೊಟ್ಯಾಸಿಯಂ ಅದನ್ನು ಮುಚ್ಚಿಹಾಕಿರುತ್ತದೆ. ಹಿಮೋಲೈಸ್ ಆದ ಸ್ಯಾಂಪಲ್‌ನಲ್ಲಿ ಪೊಟ್ಯಾಸಿಯಂ ನಾರ್ಮಲ್ ಅಂತ ಬಂದಾಗ ನನಗೆ ಜಾಸ್ತಿ ಹೆದರಿಕೆ, ಏಕೆಂದರೆ ಆ ನಾರ್ಮಲ್ ನೋಡಿ ಎಲ್ಲರೂ ಸಮಾಧಾನ ಆಗಿಬಿಡುತ್ತಾರೆ.

ವಾರ್ಡಿನಲ್ಲಿ ನಿಮಗೆ ಇದು ಕಾಣಲ್ಲ, ಅದೇ ತೊಂದರೆ. ಟ್ಯೂಬಲ್ಲಿರುವ ರಕ್ತ ಹೇಗಿದ್ದರೂ ಕೆಂಪೇ ಅಲ್ವಾ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಕಣಗಳು ಕೆಳಗೆ ಕೂತ ಮೇಲೆಯೇ ಮೇಲಿನ ನೀರಿನ ಬಣ್ಣ ಗೊತ್ತಾಗೋದು. "ಕೊಡುವಾಗ ಚೆನ್ನಾಗೇ ಇತ್ತು, ನೀವೇ ಹಾಳು ಮಾಡಿದ್ದೀರಿ" ಅಂತ ಜಗಳ ಆಗೋದು ಇಲ್ಲೇ. ಲ್ಯಾಬಲ್ಲೂ ಹಾಳಾಗಬಹುದು, ಇಲ್ಲ ಅನ್ನಲ್ಲ. ಆದರೆ ಹೆಚ್ಚಿನವು ಕೈ ಮತ್ತು ಟ್ಯೂಬಿನ ನಡುವೆಯೇ ಒಡೆದಿರುತ್ತವೆ.

ಈ ಎರಡನೇ ಸ್ಯಾಂಪಲ್ ಹೇಗೆ ತೆಗೆದರು ಅಂತ ವಿಚಾರಿಸಿದೆ. ರೋಗಿಗೆ ಮತ್ತೆ ಚುಚ್ಚೋದು ಬೇಡ ಪಾಪ ಅಂತ, ಹಿಂದಿನ ದಿನ ಹಾಕಿದ್ದ ಕ್ಯಾನುಲಾದಿಂದಲೇ ಎಳೆದಿದ್ದರು. ರಕ್ತ ಸರಿಯಾಗಿ ಬರಲಿಲ್ಲ, 10 ಎಂಎಲ್ ಸಿರಿಂಜ್ ಹಾಕಿ ಜೋರಾಗಿ ಹಿಂದಕ್ಕೆ ಎಳೆದರು. ಬಂತು, ನೊರೆ ನೊರೆಯಾಗಿ. ಆಮೇಲೆ ಸಿರಿಂಜಿಗೆ ಸೂಜಿ ಹಾಕಿ ಟ್ಯೂಬಿನ ಮುಚ್ಚಳಕ್ಕೆ ಚುಚ್ಚಿ, ಹೆಬ್ಬೆರಳಿಂದ ಒತ್ತಿ ತಳ್ಳಿದರು. ಹೆಪ್ಪುಗಟ್ಟಬಾರದು ಅಂತ ಟ್ಯೂಬನ್ನು ನಾಲ್ಕು ಸಲ ಕುಲುಕಿದರು.

ಒಂದೊಂದೂ ಕೆಂಪುಕಣಕ್ಕೆ ಒಂದೊಂದು ಏಟು. ಕ್ಯಾನುಲಾದ ಮೆತ್ತನೆ ಪ್ಲಾಸ್ಟಿಕ್ ಕೊಳವೆ, ಅದರ ಜೋಡಣೆಗಳು, ತುದಿಯಲ್ಲಿ ಕೂತ ಸಣ್ಣ ಹೆಪ್ಪು, ಇವುಗಳ ನಡುವೆ ರಕ್ತ ಉಜ್ಜಿಕೊಂಡು ಬರಬೇಕು. ದೊಡ್ಡ ಸಿರಿಂಜಿನ ಹಿಡಿ ಎಳೆದಷ್ಟೂ ಒಳಗೆ ಎಳೆತ ಜೋರಾಗುತ್ತದೆ, ನರ ಕುಸಿದು ಅಂಟಿಕೊಳ್ಳುತ್ತದೆ, ರಕ್ತದ ಜೊತೆ ಗಾಳಿ ಬರುತ್ತದೆ. ಆ ನೊರೆ ಇದೆಯಲ್ಲ, ಅದೇ ಮೊದಲ ಎಚ್ಚರಿಕೆ. ಆಮೇಲೆ ಸಣ್ಣ ಸೂಜಿಯ ತೂತಿನಲ್ಲಿ ಒತ್ತಡ ಹಾಕಿ ತಳ್ಳುವುದು ಎಲ್ಲಕ್ಕಿಂತ ಕೆಟ್ಟದ್ದು. ಇವುಗಳಲ್ಲಿ ಒಂದೇ ಆಗಿದ್ದರೆ ಬಹುಶಃ ಸ್ಯಾಂಪಲ್ ಬಚಾವಾಗುತ್ತಿತ್ತು, ನಾಲ್ಕೂ ಸೇರಿದ್ದಕ್ಕೆ ದಾಳಿಂಬೆ ರಸ ಆಯಿತು. ಕ್ಯಾನುಲಾದಿಂದ ತೆಗೆದ ಸ್ಯಾಂಪಲ್‌ಗಳು ಹೊಸದಾಗಿ ಚುಚ್ಚಿ ತೆಗೆದವಕ್ಕಿಂತ ಎಷ್ಟೋ ಜಾಸ್ತಿ ಒಡೆಯುತ್ತವೆ, ಇದು ದಿನಾ ನೋಡುವ ವಿಷಯ.

ಇಲ್ಲೊಂದು ಮಾತು ಸೇರಿಸಬೇಕು. ಸರಿಯಾಗಿ, ಹೊಸ ಚುಚ್ಚಿನಿಂದ ತೆಗೆದ ಎರಡನೇ ಮೂರನೇ ಸ್ಯಾಂಪಲ್ ಕೂಡ ಕೆಂಪಾಗಿಯೇ ಬಂದರೆ, ಆಗ ತಪ್ಪು ನಿಮ್ಮ ಕೈಯದ್ದಲ್ಲ ಅಂತ ಇಟ್ಟುಕೊಳ್ಳಿ. ರೋಗಿಯ ಮೈಯೊಳಗೇ ರಕ್ತ ಒಡೆಯುತ್ತಿರಬಹುದು. ಮೂತ್ರ ಕಪ್ಪು ಕೆಂಪಾಗಿದೆಯಾ, ಇತ್ತೀಚೆಗೆ ರಕ್ತ ಕೊಟ್ಟಿದ್ದಾರಾ ನೋಡಿ, ಡಾಕ್ಟ್ರಿಗೆ ಕೂಡಲೇ ಹೇಳಿ. ರಕ್ತ ಏರುತ್ತಿರುವಾಗಲೇ ಹೀಗೆ ಕಂಡರೆ ಮೊದಲು ಅದನ್ನು ನಿಲ್ಲಿಸಿ.

ಮೂರನೇ ಚುಚ್ಚು: ಹೀಗೆ ತೆಗೆದರು

ಈ ಸಲ ನಾನೇ ಮೇಲೆ ಹೋದೆ. ತೆಗೆದದ್ದು ಸಿಸ್ಟರ್, ನಾನು ಪಕ್ಕದಲ್ಲಿ ನಿಂತಿದ್ದೆ ಅಷ್ಟೆ. ಅವರು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ಹೆಸರು. "ನೀವು ಇಂಥವರಾ?" ಅಂತ ಕೇಳಬಾರದು, ಅರೆನಿದ್ದೆಯಲ್ಲಿರುವ ರೋಗಿ ಯಾವ ಹೆಸರಿಗಾದರೂ ಹೂಂ ಅನ್ನುತ್ತಾರೆ. "ನಿಮ್ಮ ಹೆಸರು ಹೇಳಿ" ಅಂತ ಕೇಳಿ. ಕೈಪಟ್ಟಿಯ ನಂಬರ್ ಮತ್ತು ಫಾರಂ ನಂಬರ್ ಎರಡೂ ತಾಳೆ ನೋಡಿ. ಮಾತಾಡಲಾಗದ ರೋಗಿಯಾದರೆ ಕೈಪಟ್ಟಿಯೇ ದಿಕ್ಕು, ಬೆಡ್ ನಂಬರ್ ನಂಬಬೇಡಿ.

ಆಮೇಲೆ ಕೈ. ರೋಗಿಯ ಬಲಗೈಯಲ್ಲಿ ಡ್ರಿಪ್ ಇತ್ತು, ಹಾಗಾಗಿ ಎಡಗೈ. ಇದನ್ನು ಹಗುರವಾಗಿ ತಗೋಬೇಡಿ. 5 ಪರ್ಸೆಂಟ್ ಡೆಕ್ಸ್ಟ್ರೋಸ್ ಬಾಟ್ಲಿಯ ಒಂದು ಡೆಸಿಲೀಟರ್‌ನಲ್ಲಿ 5000 ಮಿಲಿಗ್ರಾಂ ಗ್ಲೂಕೋಸ್ ಇದೆ. ಟ್ಯೂಬಿನಲ್ಲಿ ಹತ್ತರಲ್ಲಿ ಒಂದು ಪಾಲು ಅದು ಸೇರಿದರೆ ಸಾಕು, ಸಕ್ಕರೆ ಸುಮಾರು 500 ಜಾಸ್ತಿ ತೋರಿಸುತ್ತದೆ, 140 ಇದ್ದ ಸೋಡಿಯಂ 126ಕ್ಕೆ ಇಳಿದಂತೆ ಕಾಣುತ್ತದೆ. ಸಕ್ಕರೆ ಕಾಯಿಲೆಯೇ ಇಲ್ಲದವರಿಗೆ ಇನ್ಸುಲಿನ್ ಹಾಕಲು ಅಷ್ಟು ಸಾಕು. ಎರಡೂ ಕೈಯಲ್ಲಿ ಡ್ರಿಪ್ ಇದ್ದರೆ ಡಾಕ್ಟ್ರನ್ನು ಕೇಳಿ, ನಿಲ್ಲಿಸಬಹುದಾದರೆ ಒಂದು ಕಡೆ ನಿಲ್ಲಿಸಿ, ಕನಿಷ್ಠ 2 ನಿಮಿಷ ಬಿಟ್ಟು, ಡ್ರಿಪ್ ಇರುವ ಜಾಗಕ್ಕಿಂತ ಕೆಳಗೆ, ಅಂದರೆ ಬೆರಳಿನ ಕಡೆಗೆ ಚುಚ್ಚಿ, ಫಾರಂನಲ್ಲಿ ಅದನ್ನು ಬರೆಯಿರಿ. ಡಯಾಲಿಸಿಸ್ ಫಿಸ್ಟುಲಾ ಇರುವ ಕೈ ಮುಟ್ಟಬೇಡಿ. ಸ್ತನ ತೆಗೆದ ಕಡೆಯ ಕೈಯನ್ನೂ ಡಾಕ್ಟ್ರನ್ನು ಕೇಳದೆ ಮುಟ್ಟಬೇಡಿ.

ಪಟ್ಟಿ, ಅಂದರೆ ಟೂರ್ನಿಕೇಟ್, ಚುಚ್ಚುವ ಜಾಗಕ್ಕಿಂತ ನಾಲ್ಕು ಬೆರಳು ಮೇಲೆ. ಬಿಗಿದ ಮೇಲೆ ಒಂದು ನಿಮಿಷ, ಜಾಸ್ತಿ ಬೇಡ. ನರ ಹುಡುಕೋಕೆ ಜಾಸ್ತಿ ಹೊತ್ತು ಹಿಡಿಯುತ್ತೆ ಅನಿಸಿದರೆ ಬಿಗಿದು ಹುಡುಕಿ, ಬಿಚ್ಚಿ, ಸ್ಪಿರಿಟ್ ಹಚ್ಚಿ, ಎಲ್ಲಾ ರೆಡಿ ಮಾಡಿಕೊಂಡು ಮತ್ತೆ ಬಿಗಿಯಿರಿ. ಮತ್ತೆ ನಮ್ಮೆಲ್ಲರಿಗೂ ಬಾಯಿಗೆ ಬಂದುಬಿಡುವ ಒಂದು ಮಾತಿದೆ: "ಮುಷ್ಟಿ ಬಿಗಿ, ಬಿಡು, ಬಿಗಿ, ಬಿಡು." ಇದನ್ನು ಬಿಟ್ಟುಬಿಡಿ. ಪಟ್ಟಿ ಬಿಗಿದ ಕೈಯಲ್ಲಿ ಮುಷ್ಟಿ ಆಡಿಸಿದರೆ ಸ್ನಾಯುವಿನಿಂದಲೇ ಪೊಟ್ಯಾಸಿಯಂ ಹೊರಗೆ ಬರುತ್ತದೆ. ಸೀರಂ ತಿಳಿಯಾಗಿರುತ್ತದೆ, ಕ್ಯಾಲ್ಸಿಯಂ ಇಳಿದಿರಲ್ಲ, ಪೊಟ್ಯಾಸಿಯಂ ಮಾತ್ರ ಏರಿರುತ್ತದೆ, ನಮಗೆ ಹಿಡಿಯೋಕೇ ಆಗದ ತಪ್ಪು ಇದು. ಒಂದು ಸಲ ಮೆತ್ತಗೆ ಮುಷ್ಟಿ ಹಿಡಿಯೋಕೆ ಹೇಳಿ, ಸಾಕು.

ಸ್ಪಿರಿಟ್ ಹಚ್ಚಿದ ಮೇಲೆ ಸಿಸ್ಟರ್ ಕೈ ಕಟ್ಟಿ ನಿಂತರು. ಅರ್ಧ ನಿಮಿಷ, ಪೂರ್ತಿ ಒಣಗುವವರೆಗೆ. ಊದಲಿಲ್ಲ, ಒರೆಸಲಿಲ್ಲ, ಒಣಗಿದ ಮೇಲೆ ಬೆರಳಿಟ್ಟು ಮತ್ತೆ ನೋಡಲಿಲ್ಲ. ಹಸಿ ಸ್ಪಿರಿಟ್ ಮೇಲೆ ಚುಚ್ಚಿದರೆ ರೋಗಿಗೆ ಉರಿಯೋದು ಒಂದು, ರಕ್ತ ಒಡೆಯೋದು ಇನ್ನೊಂದು.

21 ನಂಬರ್ ಸೂಜಿ, ತೂತು ಮೇಲ್ಮುಖ, ಚರ್ಮಕ್ಕೆ ಮೂವತ್ತು ಡಿಗ್ರಿಗಿಂತ ಕಮ್ಮಿ ಓರೆಯಲ್ಲಿ ಚುಚ್ಚಿದರು. ನರ ತೀರಾ ಸಣ್ಣ ಇದ್ದರೆ 23 ಬಳಸಬಹುದು, ಆಗ ಇನ್ನೂ ನಿಧಾನ ಇರಬೇಕು. ರಕ್ತ ಬರೋಕೆ ಶುರುವಾದ ಕೂಡಲೇ ಪಟ್ಟಿ ಸಡಿಲ ಮಾಡಿದರು. 5 ಎಂಎಲ್ ಸಿರಿಂಜ್, ಹಿಡಿಯನ್ನು ರಕ್ತ ಬಂದಷ್ಟೇ ವೇಗದಲ್ಲಿ ಹಿಂದಕ್ಕೆ ಬಿಡುತ್ತಾ ಹೋದರು. ಎಳೆಯೋದಲ್ಲ, ರಕ್ತದ ಹಿಂದೆ ಹೋಗೋದು. ಸಿರಿಂಜಿನಲ್ಲಿ ಒಂದು ಗುಳ್ಳೆಯೂ ಇರಲಿಲ್ಲ, ಅದನ್ನು ನೋಡಿಯೇ ನನಗೆ ಅರ್ಧ ಸಮಾಧಾನ ಆಯಿತು. ನಿಮ್ಮ ವಾರ್ಡಿನಲ್ಲಿ ಟ್ಯೂಬನ್ನು ನೇರವಾಗಿ ಸೂಜಿಗೆ ಸೇರಿಸುವ ಹೋಲ್ಡರ್ ಇದ್ದರೆ ಸಿರಿಂಜ್ ಬೇಡವೇ ಬೇಡ. ಅದೇ ಒಳ್ಳೆಯದು.

ಸಿರಿಂಜಿನಿಂದ ಟ್ಯೂಬಿಗೆ ಹಾಕೋ ಹೊತ್ತು ಬಂತು. ಟ್ರಾನ್ಸ್‌ಫರ್ ಡಿವೈಸ್ ಇದ್ದರೆ ಅದನ್ನೇ ಬಳಸಿ, ಟ್ಯೂಬಿನ ಒಳಗಿನ ಎಳೆತ ತನಗೆ ಬೇಕಾದಷ್ಟು ರಕ್ತ ತಾನೇ ತಗೊಳ್ಳುತ್ತದೆ, ನೀವು ತಳ್ಳಬಾರದು. ಆ ವಾರ್ಡಿನಲ್ಲಿ ಇರಲಿಲ್ಲ. ಸಿಸ್ಟರ್ ಸೂಜಿಗೆ ಮುಚ್ಚಳ ಹಾಕಲು ಹೋಗದೆ ಸೂಜಿ ಡಬ್ಬಕ್ಕೇ ಸಿಕ್ಕಿಸಿ ಬಿಡಿಸಿದರು. ಟ್ಯೂಬ್ ಸ್ಟ್ಯಾಂಡಿನಲ್ಲಿತ್ತು, ಕೈಯಲ್ಲಿ ಹಿಡಿದಿರಲಿಲ್ಲ. ಹಳದಿಯ ಮುಚ್ಚಳ ಒಂದನ್ನೇ ತೆರೆದು, ಸಿರಿಂಜಿನ ತುದಿಯನ್ನು ಒಳಗೋಡೆಯ ಹತ್ತಿರ ತಂದು ರಕ್ತ ಗೋಡೆ ಮೇಲಿಂದ ಜಾರಿ ಇಳಿಯುವ ಹಾಗೆ ಬಿಟ್ಟರು. ಅದರ ಮುಚ್ಚಳ ಹಾಕಿದ ಮೇಲೆಯೇ ನೇರಳೆ ತೆರೆದದ್ದು. ಒಂದು ಹೊತ್ತಿಗೆ ಒಂದೇ ಟ್ಯೂಬ್ ತೆರೆದಿದ್ದರೆ ಮುಚ್ಚಳ ಅದಲುಬದಲಾಗುವ ಪ್ರಶ್ನೆಯೇ ಬರಲ್ಲ. ಕೊನೆಯಲ್ಲಿ ಸಿರಿಂಜಿನಲ್ಲಿ ನೊರೆಯ ಚೂರು ಉಳಿದರೆ ಅದನ್ನು ಒತ್ತಿ ಹಾಕಬೇಡಿ, ಬಿಟ್ಟುಬಿಡಿ.

ಆಮೇಲೆ ತಿರುಗಿಸುವುದು. ಕುಲುಕೋದಲ್ಲ. ಟ್ಯೂಬನ್ನು ತಲೆಕೆಳಗು ಮಾಡಿ, ಒಳಗಿನ ಗಾಳಿಗುಳ್ಳೆ ಮೇಲಿನ ತುದಿಗೆ ಹೋಗುವವರೆಗೆ ತಡೆದು, ಮತ್ತೆ ನೇರ ಮಾಡಿದರೆ ಒಂದು ಲೆಕ್ಕ. ಹಳದಿಗೆ ಐದು, ನೇರಳೆಗೆ ಎಂಟರಿಂದ ಹತ್ತು, ನೀಲಿಗೆ ಮೂರು ನಾಲ್ಕು. ನೇರಳೆಯನ್ನು ಹಾಕಿದ ಕೂಡಲೇ ತಿರುಗಿಸಬೇಕು. ಎಲ್ಲಾ ಮುಗಿಸಿ, ಹತ್ತಿ ಒತ್ತಿ, ಪ್ಲಾಸ್ಟರ್ ಹಾಕಿ, ಆಮೇಲೆ ತಿರುಗಿಸ್ತೀನಿ ಅಂದರೆ ಅಷ್ಟರಲ್ಲಿ ಒಳಗೆ ಅಕ್ಕಿಕಾಳಿನಷ್ಟು ಹೆಪ್ಪು ಕಟ್ಟಿರುತ್ತದೆ. ಆ ಹೆಪ್ಪು ಪ್ಲೇಟ್‌ಲೆಟ್‌ಗಳನ್ನೆಲ್ಲ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಮಷಿನ್ 40 ಸಾವಿರ ಅಂತ ಹೇಳುತ್ತದೆ, ರೋಗಿಗೆ ಎರಡು ಲಕ್ಷ ಇರುತ್ತದೆ. ನಾವು ಕಡ್ಡಿ ಹಾಕಿ ಎತ್ತಿ ನೋಡಿದಾಗ ದಾರದಂತೆ ಹೆಪ್ಪು ಅಂಟಿಕೊಂಡು ಬಂದರೆ ಆ ಟ್ಯೂಬ್ ವಾಪಸ್.

ನೀಲಿ ಟ್ಯೂಬಿಗೆ ಬೇರೆಯೇ ಲೆಕ್ಕ

ಈ ರೋಗಿಗೆ ಪಿಟಿ ಐಎನ್‌ಆರ್ ಇರಲಿಲ್ಲ, ಆದರೂ ನೀಲಿಯ ಬಗ್ಗೆ ಹೇಳದಿದ್ದರೆ ನಾಳೆಯೇ ಅದಕ್ಕೆ ಜಗಳ. ಹಳದಿ ಕಮ್ಮಿ ಇದ್ದರೂ ನಡೆಯುತ್ತೆ ಅಂದೆನಲ್ಲ, ನೀಲಿಯಲ್ಲಿ ನಡೆಯಲ್ಲ. ಅದರೊಳಗೆ ಸಿಟ್ರೇಟ್ ನೀರು ಅಳೆದು ಹಾಕಿರುತ್ತಾರೆ, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು. 2.7 ಎಂಎಲ್ ರಕ್ತ ಹಿಡಿಯುವ ಟ್ಯೂಬಲ್ಲಿ 0.3 ಎಂಎಲ್ ಸಿಟ್ರೇಟ್ ಇರುತ್ತದೆ. ನೀವು ಒಂದೂವರೆ ಎಂಎಲ್ ರಕ್ತ ಹಾಕಿದರೆ ಸಿಟ್ರೇಟ್ ಅಷ್ಟೇ ಇರುತ್ತದೆ, ರಕ್ತ ಅರ್ಧ. ಪರೀಕ್ಷೆಯಲ್ಲಿ ನಾವು ಹಾಕುವ ಕ್ಯಾಲ್ಸಿಯಂ ಅನ್ನು ಆ ಜಾಸ್ತಿ ಸಿಟ್ರೇಟ್ ನುಂಗಿಬಿಡುತ್ತದೆ, ರಕ್ತ ಹೆಪ್ಪುಗಟ್ಟೋಕೆ ತಡವಾಗುತ್ತದೆ, ರೋಗಿಗೆ ರಕ್ತ ಸೋರುವ ತೊಂದರೆ ಇದೆ ಅಂತ ಸುಳ್ಳು ರಿಪೋರ್ಟ್ ಹೋಗುತ್ತದೆ. ವಾರ್ಫರಿನ್ ತಗೊಳ್ಳುವವರಿಗೆ ಅದನ್ನು ನೋಡಿ ಡೋಸ್ ಕಮ್ಮಿ ಮಾಡಿದರೆ ಏನಾಗುತ್ತೆ ನೀವೇ ಯೋಚಿಸಿ.

ಟ್ಯೂಬಿನ ಮೇಲೆ ಗೆರೆ ಇದೆ, ಅಲ್ಲಿಯವರೆಗೆ ಬರಬೇಕು. ಶೇಕಡಾ 90ಕ್ಕಿಂತ ಕಮ್ಮಿ ಇದ್ದರೆ ನಾವು ತಗೊಳ್ಳಲ್ಲ. ಎರಡು ಅರೆತುಂಬಿದ ನೀಲಿ ಸೇರಿಸಿ ಒಂದು ಮಾಡಿದರೂ ಸಿಟ್ರೇಟ್ ಎರಡರದ್ದೂ ಸೇರಿರುತ್ತದೆ, ಆದ್ದರಿಂದ ಅದೂ ಬೇಡ. ಬಟರ್‌ಫ್ಲೈ ಸೂಜಿಯಿಂದ ಮೊದಲು ನೀಲಿಯನ್ನೇ ತೆಗೆಯುವಾಗ ಅದರ ಉದ್ದದ ನಳಿಕೆಯಲ್ಲಿರುವ ಗಾಳಿ ಮೊದಲು ಟ್ಯೂಬಿಗೆ ಹೋಗುತ್ತದೆ, ಅಷ್ಟು ರಕ್ತ ಕಮ್ಮಿ ಬೀಳುತ್ತದೆ. ಬೇರೊಂದು ನೀಲಿ ಟ್ಯೂಬಿಗೆ ಸ್ವಲ್ಪ ರಕ್ತ ಬಿಟ್ಟು, ಗಾಳಿ ಖಾಲಿಯಾದ ಮೇಲೆ ಅದನ್ನು ಎಸೆದು, ಆಮೇಲೆ ಅಸಲಿ ನೀಲಿ ಹಾಕಿ.

ಲೇಬಲ್, ಹೊತ್ತು, ಫ್ರಿಡ್ಜ್

ಸಿಸ್ಟರ್ ಲೇಬಲ್ ಅಂಟಿಸಿದ್ದು ರೋಗಿಯ ಪಕ್ಕದಲ್ಲೇ, ರಕ್ತ ತುಂಬಿದ ಮೇಲೆ. ಖಾಲಿ ಟ್ಯೂಬುಗಳಿಗೆ ನರ್ಸಿಂಗ್ ಸ್ಟೇಷನ್ನಿನಲ್ಲಿ ಕೂತು ಲೇಬಲ್ ಅಂಟಿಸಿ ಟ್ರೇಯಲ್ಲಿ ಸಾಲಾಗಿ ಇಟ್ಟುಕೊಂಡು ಹೊರಟರೆ ಎರಡನೇ ಬೆಡ್ಡಿನವರ ಟ್ಯೂಬಿಗೆ ಮೂರನೇ ಬೆಡ್ಡಿನವರ ರಕ್ತ ಹೋಗೋದು ಯಾವತ್ತೋ ಒಂದು ದಿನ ಆಗಿಯೇ ಆಗುತ್ತದೆ. ಲೇಬಲ್ ಇಲ್ಲದ ಟ್ಯೂಬ್ ಬಂದಾಗ "ಕಳಿಸಿದ್ದು ನಾನೇ, ಬಂದು ಹೆಸರು ಬರೀತೀನಿ" ಅಂತಾರೆ. ಬೇಡ. ಬ್ಲಡ್ ಗ್ರೂಪ್, ಕ್ರಾಸ್ ಮ್ಯಾಚ್ ಸ್ಯಾಂಪಲ್ ಆದರಂತೂ ಒಂದಕ್ಷರ ತಪ್ಪಿದ್ದರೂ ಹೊಸದೇ ಬೇಕು, ಅದರಲ್ಲಿ ಮಾತ್ರ ಯಾರು ಎಷ್ಟು ಬೈದರೂ ನಾವು ಬಗ್ಗಲ್ಲ.

ತೆಗೆದ ಹೊತ್ತು ಬರೆಯಿರಿ, ಫಾರಂ ತುಂಬಿದ ಹೊತ್ತಲ್ಲ. ಟ್ಯೂಬಿನೊಳಗೆ ಕಣಗಳು ಇನ್ನೂ ಜೀವಂತ ಇರುತ್ತವೆ, ಸಕ್ಕರೆ ತಿನ್ನುತ್ತಲೇ ಇರುತ್ತವೆ. ಬೇರ್ಪಡಿಸದೆ ಇಟ್ಟ ರಕ್ತದಲ್ಲಿ ಗಂಟೆಗೆ ನೂರಕ್ಕೆ ಐದಾರರಷ್ಟು ಗ್ಲೂಕೋಸ್ ಇಳಿಯುತ್ತದೆ. ಹಾಗಂತ ಹಳದಿ ಟ್ಯೂಬನ್ನು ಫ್ರಿಡ್ಜಿಗೆ ಹಾಕಬೇಡಿ. ತಣ್ಣಗಾದರೆ ಪೊಟ್ಯಾಸಿಯಂ ಅನ್ನು ಕಣದೊಳಗೆ ಹಿಡಿದಿಡುವ ಪಂಪ್ ನಿಧಾನವಾಗಿ, ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಕಣ ಒಡೆಯದೆಯೇ. ರಾತ್ರಿ ತೆಗೆದು ಫ್ರಿಡ್ಜಿನಲ್ಲಿಟ್ಟು ಬೆಳಿಗ್ಗೆ ಕಳಿಸಿದ ಸ್ಯಾಂಪಲ್‌ನ ಪೊಟ್ಯಾಸಿಯಂ ನಂಬೋ ಹಾಗಿಲ್ಲ. ಹಳದಿ ಟ್ಯೂಬ್ ನೇರವಾಗಿ ನಿಲ್ಲಿಸಿ, ಮಾಮೂಲಿ ಶಾಖದಲ್ಲಿ, ಆದಷ್ಟು ಬೇಗ ಕಳಿಸಿ. ಅರ್ಧ ಗಂಟೆ ಹೆಪ್ಪುಗಟ್ಟೋಕೆ ಬಿಡುವ ಕೆಲಸ ನಮ್ಮದು.

ಮತ್ತೆ ಕಳಿಸುವಾಗ ಫಾರಂನಲ್ಲಿ ಒಂದು ಸಾಲು ಸೇರಿಸಿ: ಎಷ್ಟನೇ ಸಲ, ಯಾವ ಕೈ, ಹೊಸ ಚುಚ್ಚೋ ಕ್ಯಾನುಲಾವೋ. ಅವತ್ತು ಸಿಸ್ಟರ್ ಬರೆದದ್ದು "ಮೂರನೇ ಸಲ, ಎಡಗೈ, ಹೊಸ ಚುಚ್ಚು, 9:20". ನಮ್ಮ ಕಡೆಯಿಂದ ಇನ್ನು ಮೇಲೆ ಚೀಟಿಯಲ್ಲಿ ಕಾರಣ ಬರೆಯದೆ ಸ್ಯಾಂಪಲ್ ವಾಪಸ್ ಕಳಿಸಲ್ಲ. ಬರೀ "ರಿಜೆಕ್ಟ್" ಅಂತ ಬಂದರೆ ಫೋನ್ ಮಾಡಿ, ತೆಗೆದ ಹೊತ್ತು ಹೇಳಿ, ಏನಾಗಿತ್ತು ಅಂತ ಕೇಳಿಯೇ ಇಡಿ.

ಆ ಮೂರನೇ ಟ್ಯೂಬ್ ಹತ್ತು ಗಂಟೆಗೆ ಓಡಿತು. ಪೊಟ್ಯಾಸಿಯಂ 4.3, ಕ್ಯಾಲ್ಸಿಯಂ 9.1, ಆಲ್ಕಲೈನ್ ಫಾಸ್ಫಟೇಸ್ 83.